ತಪ್ಪಿದ ಗಡುವಿಗೆ ಕ್ಷಮೆಯ ಪತ್ರ: ಹೊಸ ತಾರೀಖನ್ನು ಲೆಕ್ಕ ಹಾಕಿ ಬರೆಯುವ ಬಗೆ

ನಮ್ಮ ವಾಚನಾಲಯಕ್ಕೆ ಸಂಜೆ ಬರುವವರಲ್ಲಿ ಬಹುಮಂದಿ ಮಿಲ್ಲು, ಸಾಗಣೆ ಕಚೇರಿ, ಛಾಪಖಾನೆಗಳಲ್ಲಿ ಗುಮಾಸ್ತಿಕೆ ಮಾಡುವವರು. ಮಾಲು ಹೊತ್ತಿಗೆ ಹೋಗದಿದ್ದಾಗ ಪಾರ್ಟಿಗೆ ಇ-ಮೇಲ್ ಬರೆಯುವ ಕೆಲಸ ಸಾಹೇಬರಿಂದ ಇಳಿದು ಕಡೆಗೆ ಇವರ ಮೇಜಿಗೇ ಬರುತ್ತದೆ. ‘ಏನಾದರೂ ಒಂದು ಕ್ಷಮೆ ಬರೆದು ಹಾಕಿ’ ಎಂದು ಹೇಳಿ ಅವರು ಎದ್ದು ಹೋಗುತ್ತಾರೆ. ಬರೆಯುವವನಿಗೆ ಮಾತ್ರ ತಿಳಿಯುತ್ತದೆ, ಇದು ಕ್ಷಮೆಯ ಮಾತಿನಿಂದ ಮುಗಿಯುವ ಕೆಲಸವಲ್ಲ ಎಂದು. ಪಾರ್ಟಿಗೆ ಬೇಕಾದುದು ನಮ್ಮ ವಿಷಾದವಲ್ಲ. ಮಾಲು ಎಂದು ಬರುತ್ತದೆ, ಆ ತಾರೀಖನ್ನು ನಂಬಬಹುದೆ ಎಂಬುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಪೂರ್ತಿಯಾಗಿ ನೋಡೋಣ. ನಮಗೆ ಪರಿಚಿತವಾದ ಬಟ್ಟೆಯ ಕಸುಬಿನಿಂದಲೇ ಅದನ್ನು ತೆಗೆದುಕೊಂಡಿದ್ದೇವೆ. ಬಣ್ಣ ಹಾಕುವ ಒಂದು ಕಾರ್ಖಾನೆ, ಸಿದ್ಧ ಉಡುಪು ಹೊಲಿಸುವ ಒಂದು ಪಾರ್ಟಿಗೆ 12,000 ಮೀಟರ್ ಕಡುನೀಲಿ ಹತ್ತಿ ಪಾಪ್ಲಿನ್ನನ್ನು ನವೆಂಬರ್ 14, ಶುಕ್ರವಾರ ಮುಟ್ಟಿಸುವುದಾಗಿ ಒಪ್ಪಿತ್ತು. ಹತ್ತು ಜಿಗ್ಗರ್ ಲಾಟುಗಳು, ಲಾಟಿಗೆ 1,200 ಮೀಟರ್. ಶುಕ್ರವಾರ ಮಧ್ಯಾಹ್ನ ಪ್ರಯೋಗಶಾಲೆಯಿಂದ ಚೀಟಿ ಬಂತು: ಆರು ಲಾಟು ಪಾಸು, ನಾಲ್ಕು ಲಾಟು ಫೇಲು. ಒದ್ದೆಯ ಬಿಳಿ ಬಟ್ಟೆಯಿಂದ ಉಜ್ಜಿದರೆ ಬಣ್ಣ ಹತ್ತುತ್ತಿದೆ. ಈ ಪರೀಕ್ಷೆಗೆ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ. 5 ಎಂದರೆ ಬಣ್ಣ ಸ್ವಲ್ಪವೂ ಹತ್ತಲಿಲ್ಲವೆಂದು. ಪಾರ್ಟಿ ಕೇಳಿದ್ದು 3, ಬಂದದ್ದು 2.

ಪತ್ರಕ್ಕೆ ಕೈ ಹಾಕುವ ಮೊದಲು ಡೈಯಿಂಗ್ ಮಾಸ್ತರರ ಬಳಿಗೆ ಹೋಗಬೇಕು. ಅಲ್ಲಿ ಕೇಳಬೇಕಾದ್ದು ‘ಯಾಕೆ ಹೀಗಾಯಿತು’ ಎಂಬುದೊಂದೇ ಅಲ್ಲ, ‘ಸರಿಮಾಡುವ ಕ್ರಮವೇನು, ಯಾವ ಯಂತ್ರ, ಎಷ್ಟು ದಿನ’ ಎಂಬುದನ್ನೂ ಕೇಳಬೇಕು. ಮಾಸ್ತರರು ಹೇಳಿದ್ದು ಇಷ್ಟು. ರಿಯಾಕ್ಟಿವ್ ಬಣ್ಣದಲ್ಲಿ ಒಂದಷ್ಟು ಭಾಗ ನೂಲಿಗೆ ಅಂಟದೆ ಸುಮ್ಮನೆ ಮೇಲೆ ಉಳಿಯುತ್ತದೆ. ಅದನ್ನು ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಸೋಪಿಂಗ್ ಮಾಡಿ ತೊಳೆದು ತೆಗೆಯಬೇಕು. ನಾಲ್ಕು ಲಾಟುಗಳಲ್ಲಿ ಈ ತೊಳೆತ ಸಾಲದೆ ಹೋಗಿದೆ. ಬಣ್ಣ ಕಿತ್ತು ಮತ್ತೆ ಹಾಕಬೇಕಾಗಿಲ್ಲ, ಮತ್ತೊಮ್ಮೆ ಸೋಪಿಂಗ್ ಮಾಡಿದರೆ ಸಾಕಾಗುವ ಸಂಭವವಿದೆ. ಆದರೆ ತೊಳೆದಾಗ ಷೇಡು ಒಂದು ಕೂದಲಷ್ಟು ತಿಳಿಯಾಗಬಹುದು.

ಈ ಕಡೆಯ ಮಾತನ್ನು ಗುಮಾಸ್ತನು ಕಿವಿಗೊಟ್ಟು ಕೇಳಬೇಕು. ಷೇಡು ಬದಲಾಗಬಹುದೆಂದರೆ ಪಾರ್ಟಿಯ ಒಪ್ಪಿಗೆ ಬೇಕೆಂದು ಅರ್ಥ. ಒಪ್ಪಿಗೆ ಬರುವ ವೇಳೆಯೂ ಹೊಸ ತಾರೀಖಿನ ಲೆಕ್ಕದೊಳಗೆ ಸೇರಬೇಕು. ನಾವು ಕಂಡ ಮಟ್ಟಿಗೆ, ಎರಡನೆಯ ಗಡುವೂ ತಪ್ಪಿಹೋಗುವುದು ಹೆಚ್ಚಾಗಿ ಇಲ್ಲಿಯೇ: ನಮ್ಮ ಕೆಲಸದ ದಿನಗಳನ್ನು ಎಣಿಸುತ್ತೇವೆ, ಪಾರ್ಟಿಯ ಕೈಯಲ್ಲಿ ಕಾಗದ ಕೂತಿರುವ ದಿನಗಳನ್ನು ಎಣಿಸುವುದಿಲ್ಲ.

ಈಗ ಲೆಕ್ಕ. 15, ಶನಿವಾರ ಒಂದು ಲಾಟನ್ನು ಪರೀಕ್ಷೆಗಾಗಿ ಸೋಪಿಂಗ್ ಮಾಡುವುದು. ಭಾನುವಾರ ರಜೆ. 17, ಸೋಮವಾರ ಬೆಳಿಗ್ಗೆ ಆ ಲಾಟಿನ ಉಜ್ಜುವ ಪರೀಕ್ಷೆ. ಪಾಸಾದರೆ ಮಧ್ಯಾಹ್ನವೇ ಷೇಡಿನ ತುಂಡನ್ನು ಆಳಿನ ಕೈಯಲ್ಲಿ ಪಾರ್ಟಿಗೆ ಕಳುಹಿಸಿ, ಇತ್ತ ಎರಡು ಲಾಟುಗಳನ್ನು ಜಿಗ್ಗರಿಗೆ ಹಾಕುವುದು. 18, ಮಂಗಳವಾರ ಉಳಿದ ಒಂದು ಲಾಟು. ಅಂದು ಸಂಜೆ 5 ಗಂಟೆಯೊಳಗೆ ಪಾರ್ಟಿಯ ಒಪ್ಪಿಗೆ. ಬುಧವಾರ ಸ್ಟೆಂಟರಿನಲ್ಲಿ ಒಣಗಿಸಿ ಫಿನಿಷ್ ಕೊಡುವುದು. ಗುರುವಾರ ಸ್ಯಾನ್ಫರೈಜ್ ಮತ್ತು ನಾಲ್ಕು ಲಾಟಿಗೂ ಮತ್ತೆ ಪರೀಕ್ಷೆ. ಶುಕ್ರವಾರ ತಪಾಸಣೆ, ಪ್ಯಾಕಿಂಗ್. 22, ಶನಿವಾರ ಲಾರಿ.

ಹಾಗಾದರೆ 22 ಎಂದು ಬರೆಯೋಣವೆ? ಬೇಡ. ಬಾಯ್ಲರು ಅರ್ಧ ದಿನ ನಿಂತರೆ ಈ ಸರಪಳಿ ತುಂಡಾಗುತ್ತದೆ. ಒಂದು ಕೆಲಸದ ದಿನವನ್ನು ಕೈಯಲ್ಲಿ ಇಟ್ಟುಕೊಂಡು 24, ಸೋಮವಾರ ಎಂದು ಬರೆಯುವುದು ಲೇಸು. ಕೆಲವರು ಭಯದಿಂದ 30 ಎಂದು ಬರೆಯುತ್ತಾರೆ. ಅದೂ ಕೆಟ್ಟದ್ದೇ, ಪಾರ್ಟಿಗೆ ತನ್ನ ಹಡಗಿನ ದಿನವಿರುತ್ತದೆ, 30 ಎಂದು ಕಂಡರೆ ಬಟ್ಟೆಯನ್ನು ಬೇರೆಡೆ ಕೊಳ್ಳಲು ಹೊರಟುಬಿಡಬಹುದು.

ಇನ್ನೊಂದು ವಿಷಯ. ಪಾಸಾದ 7,200 ಮೀಟರನ್ನು ಏಕೆ ತಡೆಹಿಡಿಯಬೇಕು? ಅದು ಶನಿವಾರವೇ ಹೋದರೆ ಪಾರ್ಟಿಯ ಕತ್ತರಿಸುವ ಮೇಜು ಖಾಲಿ ಕೂರುವುದಿಲ್ಲ. ಆದರೆ ತಾನುಗಳ ಮೇಲೆ ಲಾಟ್ ನಂಬರು ಬರೆದಿರಬೇಕು. ಒಂದು ಲಾಟಿನ ತೋಳು, ಇನ್ನೊಂದು ಲಾಟಿನ ಬೆನ್ನು ಸೇರಿದರೆ ಅಂಗಿ ಎರಡು ಬಣ್ಣವಾಗಿ ಕಾಣುತ್ತದೆ, ಆಗ ಹೊಸ ತಕರಾರು.

ಇಷ್ಟು ತಿಳಿದ ಮೇಲೆ ಮೊದಲು ಸಾಹೇಬರಿಂದ ಪಾರ್ಟಿಗೆ ಫೋನು ಮಾಡಿಸಬೇಕು. ಕೆಟ್ಟ ಸುದ್ದಿಯನ್ನು ಪಾರ್ಟಿ ಮೊದಲ ಸಲ ಇ-ಮೇಲಿನಲ್ಲಿ ಓದಬಾರದು. ಫೋನಾದ ಮೇಲೆ, ಅಂದೇ ಸಂಜೆಯೊಳಗೆ ಪತ್ರ ಹೋಗಬೇಕು. ಕಚೇರಿಗಳಲ್ಲಿ ಇದು ಇಂಗ್ಲಿಷಿನಲ್ಲಿ ಹೋಗುವುದೇ ರೂಢಿ. ಒಡಲು ತಿಳಿಯಲೆಂದು ನಾವು ಕನ್ನಡದಲ್ಲಿ ಕೊಡುತ್ತಿದ್ದೇವೆ.

ವಿಷಯ: ಆರ್ಡರ್ ನಂ. 412, ಕಡುನೀಲಿ ಪಾಪ್ಲಿನ್ – 7,200 ಮೀ. ನಾಳೆ, ಉಳಿದ 4,800 ಮೀ. ನವೆಂಬರ್ 24, ಸೋಮವಾರ

ಮಾನ್ಯರೇ,

ಇಂದು ನವೆಂಬರ್ 14ರಂದು ತಮಗೆ ತಲುಪಬೇಕಾಗಿದ್ದ 12,000 ಮೀಟರ್ ಬಟ್ಟೆಯನ್ನು ನಾವು ತಲುಪಿಸಲಿಲ್ಲ. ತಮ್ಮ ಕತ್ತರಿಸುವ ಕೆಲಸಕ್ಕೆ ಇದರಿಂದ ಅಡಚಣೆಯಾಗಿದೆ. ಅದಕ್ಕಾಗಿ ಕ್ಷಮೆ ಬೇಡುತ್ತೇವೆ.

ಹತ್ತು ಲಾಟುಗಳಲ್ಲಿ ನಾಲ್ಕು, ಒದ್ದೆ ಉಜ್ಜುವ ಪರೀಕ್ಷೆಯಲ್ಲಿ ತಾವು ಕೇಳಿದ 3ರ ಬದಲು 2 ಬಂದಿವೆ. ಬಣ್ಣ ಹಾಕಿದ ನಂತರದ ತೊಳೆತವನ್ನು ನಾವು ಸಾಕಷ್ಟು ಮಾಡಿರಲಿಲ್ಲ.

ಪಾಸಾದ ಆರು ಲಾಟು, 7,200 ಮೀಟರ್, ನಾಳೆ ಶನಿವಾರ ಮಧ್ಯಾಹ್ನದೊಳಗೆ ತಮ್ಮ ಗೋದಾಮಿಗೆ ಬರುತ್ತವೆ. ಪ್ರತಿ ತಾನಿನ ಮೇಲೂ ಲಾಟ್ ನಂಬರು ಇರುತ್ತದೆ. ಉಳಿದ 4,800 ಮೀಟರನ್ನು ಮರುತೊಳೆತ ಮಾಡಿ ನವೆಂಬರ್ 24, ಸೋಮವಾರ ತಲುಪಿಸುತ್ತೇವೆ.

ನಾಳೆ ಒಂದು ಲಾಟನ್ನು ಮರುತೊಳೆತ ಮಾಡುತ್ತೇವೆ. ಅದರ ಫಲಿತಾಂಶವನ್ನು 17, ಸೋಮವಾರ 12 ಗಂಟೆಗೆ ತಿಳಿಸಿ, ಷೇಡಿನ ತುಂಡನ್ನು ಅಂದೇ ಕಳುಹಿಸುತ್ತೇವೆ. ಅದಕ್ಕೆ 18, ಮಂಗಳವಾರ ಸಂಜೆ 5ರೊಳಗೆ ತಮ್ಮ ಒಪ್ಪಿಗೆ ಬೇಕು. ಅದು ತಡವಾದಷ್ಟು ದಿನ 24 ಕೂಡ ಮುಂದಕ್ಕೆ ಹೋಗುತ್ತದೆ. ಪರೀಕ್ಷೆಯಲ್ಲಿ ಲಾಟು ಮತ್ತೆ ಫೇಲಾದರೆ ಸೋಮವಾರವೇ ಬೇರೆ ತಾರೀಖನ್ನು ತಿಳಿಸುತ್ತೇವೆ.

ಇನ್ನು ಮುಂದೆ ಪ್ರತಿ ಲಾಟನ್ನೂ ಸ್ಟೆಂಟರಿಗೆ ಹೋಗುವ ಮೊದಲೇ ಉಜ್ಜಿ ಪರೀಕ್ಷಿಸುತ್ತೇವೆ. ಭಾಗಶಃ ರವಾನೆ ಹಾಗೂ 24ರ ತಾರೀಖು ಎರಡಕ್ಕೂ ತಮ್ಮ ಸಮ್ಮತಿಯನ್ನು ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇವೆ.

ಇಲ್ಲಿಗೆ ಪತ್ರ ಮುಗಿಯಿತು. ಇದರಲ್ಲಿ ಕೆಲವನ್ನು ಗಮನಿಸಿರಿ. ವಿಷಯದ ಸಾಲಿನಲ್ಲೇ ಪ್ರಮಾಣವೂ ತಾರೀಖೂ ಇವೆ. ಪಾರ್ಟಿಯ ಯಜಮಾನ ಪತ್ರವನ್ನು ತೆರೆಯದಿದ್ದರೂ ಉತ್ತರ ಅವನಿಗೆ ಸಿಕ್ಕಿತು. ‘ಕ್ಷಮಾಪಣೆ’ ಎಂದಷ್ಟೇ ವಿಷಯ ಬರೆದರೆ ಅದರಿಂದ ಯಾರಿಗೂ ಏನೂ ತಿಳಿಯದು. ‘ತಲುಪಿಸಲಾಗಲಿಲ್ಲ’, ‘ವಿಳಂಬವುಂಟಾಯಿತು’ ಎನ್ನದೆ ‘ನಾವು ತಲುಪಿಸಲಿಲ್ಲ’ ಎಂದಿದ್ದೇವೆ. ಕರ್ತೃವಿಲ್ಲದ ವಾಕ್ಯ ಓದುವವನಿಗೆ ಜಾರಿಕೊಳ್ಳುವ ಮಾತಾಗಿ ಕೇಳುತ್ತದೆ, ಇಂಗ್ಲಿಷಿನಲ್ಲಂತೂ ಇನ್ನೂ ಹೆಚ್ಚು. ಕ್ಷಮೆ ಒಂದೇ ಸಲ ಬಂದಿದೆ. ಕಾರಣಕ್ಕೆ ಎರಡು ವಾಕ್ಯ ಸಾಕಾಯಿತು. ಜಿಗ್ಗರ್ ಆಳು ರಜದಲ್ಲಿದ್ದ, ಉಗಿ ಕಡಿಮೆಯಿತ್ತು ಎಂಬ ಕಥೆಯೆಲ್ಲ ನಮ್ಮ ಮನೆಯೊಳಗಿನದು. ಕೆಳಗಿನ ಆಳಿನ ಹೆಸರನ್ನು ಪಾರ್ಟಿಯ ಪತ್ರದಲ್ಲಿ ಬರೆಯಿರಿ ಎಂದು ಯಾರಾದರೂ ಹೇಳಿದರೆ, ‘ನಾವು’ ಎಂದೇ ಬರೆದು ತೋರಿಸಿರಿ. ಪಾರ್ಟಿ ಒಪ್ಪಂದ ಮಾಡಿಕೊಂಡದ್ದು ಕಾರ್ಖಾನೆಯೊಡನೆ, ಆಳಿನೊಡನೆ ಅಲ್ಲ.

ತಿಂಗಳನ್ನು ಅಕ್ಷರದಲ್ಲೇ ಬರೆಯಬೇಕು. ನಾವು 5/12 ಎಂದರೆ ಡಿಸೆಂಬರ್ 5. ಅಮೆರಿಕದವರು ಅದನ್ನು ಮೇ 12 ಎಂದು ಓದುತ್ತಾರೆ. ‘ಆದಷ್ಟು ಬೇಗ’, ‘ಮುಂದಿನ ವಾರದಲ್ಲಿ’ ಎಂಬವು ತಾರೀಖುಗಳಲ್ಲ.

ಸೋಮವಾರ 12 ಗಂಟೆಗೆ ತಿಳಿಸುತ್ತೇವೆ ಎಂಬ ಸಾಲು ಅಪಾಯದ್ದು. ಪಾರ್ಟಿ ನಮ್ಮನ್ನು ಅಳೆಯುವುದು ಅದರಿಂದಲೇ. ಫಲಿತಾಂಶ ಬಾರದಿದ್ದರೂ 12ಕ್ಕೆ ‘ಇನ್ನೂ ಬಂದಿಲ್ಲ, 3 ಗಂಟೆಗೆ ಬರುತ್ತದೆ’ ಎಂದಾದರೂ ಬರೆಯಬೇಕು, ಅದನ್ನೂ ಇದೇ ಪತ್ರಕ್ಕೆ ಉತ್ತರವಾಗಿ ಬರೆಯಬೇಕು. ಹೊಸ ಪತ್ರ ತೆರೆದರೆ ಹಿಂದಿನದು ಕಳಚಿಕೊಳ್ಳುತ್ತದೆ.

ಇನ್ನು ಕಾನೂನಿನ ಮಾತು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಇ-ಮೇಲಿನಂಥ ವಿದ್ಯುನ್ಮಾನ ಬರಹಕ್ಕೂ ಕಾಗದದ ಬರಹದಂತೆ ಮಾನ್ಯತೆ ಕೊಟ್ಟಿದೆ. ಆದುದರಿಂದ ‘ತಪ್ಪು ನಮ್ಮದು’ ಎಂದು ಬರೆದದ್ದು ಮುಂದೆ ಸಾಕ್ಷಿಯಾಗಬಹುದು. ಹಾಗೆಂದು ಸುಳ್ಳು ಕಾರಣ ಕೊಡುವುದಲ್ಲ. ಸಾಹೇಬರಿಗೆ ತೋರಿಸಿ, ಅವರ ಒಪ್ಪಿಗೆ ಪಡೆದೇ ಕಳುಹಿಸಬೇಕು. ರಿಯಾಯಿತಿ, ದಂಡ, ನಷ್ಟಭರ್ತಿಯ ಒಂದು ಮಾತನ್ನೂ ಗುಮಾಸ್ತನು ತಾನಾಗಿ ಸೇರಿಸಬಾರದು. ಮೇಲಿನ ಪತ್ರದಲ್ಲಿ ಅವು ಇಲ್ಲದಿರುವುದು ಅದಕ್ಕಾಗಿಯೇ.

ಸಮ್ಮತಿಯನ್ನು ಬರಹದಲ್ಲಿ ಕೇಳಿದ್ದಕ್ಕೂ ಕಾರಣವಿದೆ. 1872ರ ಭಾರತೀಯ ಕರಾರು ಕಾಯಿದೆಯ 55ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಕಾಲವೇ ಮುಖ್ಯವೆಂದು ಇಬ್ಬರ ಉದ್ದೇಶವಿದ್ದರೆ, ಗಡುವು ತಪ್ಪಿದಾಗ ಕರಾರನ್ನು ರದ್ದುಮಾಡುವ ಹಕ್ಕು ಎದುರಿನವರಿಗೆ ಇದೆ. ಅವರು ರದ್ದುಮಾಡದೆ ತಡವಾದ ಮಾಲನ್ನು ಒಪ್ಪಿಕೊಂಡರೆ, ಒಪ್ಪಿಕೊಳ್ಳುವಾಗಲೇ ನೋಟೀಸು ಕೊಡದ ಹೊರತು ಆ ತಡಕ್ಕಾಗಿ ಪರಿಹಾರ ಕೇಳುವಂತಿಲ್ಲ. 63ನೆಯ ಕಲಮಿನಂತೆ ಅವರು ಕಾಲವನ್ನು ವಿಸ್ತರಿಸಿಯೂ ಕೊಡಬಹುದು. ಅಂದರೆ ನಾವು 24 ಎಂದು ಬರೆದ ಮಾತ್ರಕ್ಕೆ ಗಡುವು 24 ಆಗುವುದಿಲ್ಲ. ಅವರು ಹ್ಞೂಂ ಎನ್ನಬೇಕು.

ಬರುವ ಉತ್ತರ ಬಹಳ ಸಲ ‘ನೋಟೆಡ್’ ಎಂಬ ಒಂದೇ ಮಾತು. ಅದು ಓದಿದ್ದೇವೆ ಎಂದಷ್ಟೇ, ಒಪ್ಪಿದ್ದೇವೆ ಎಂದಲ್ಲ. ಆಗ ಸಂಕೋಚಪಡದೆ ಒಂದು ಸಾಲು ತಿರುಗಿ ಬರೆಯಿರಿ: ‘4,800 ಮೀಟರಿಗೆ ನವೆಂಬರ್ 24 ತಮಗೆ ಒಪ್ಪಿಗೆಯೆಂದು ತಿಳಿಯಬಹುದೆ?’ ‘ಒಪ್ಪಿಗೆ’ ಎಂದು ಬಂದ ಉತ್ತರವನ್ನು ಅಚ್ಚು ತೆಗೆದು ಆರ್ಡರಿನ ಫೈಲಿಗೆ ಸೇರಿಸಿ, ಒಂದು ಪ್ರತಿಯನ್ನು ಡೈಯಿಂಗ್ ಮಾಸ್ತರರ ಮೇಜಿಗೂ ಕಳುಹಿಸಿರಿ. ಆ ತಾರೀಖಿಗೆ ಬಟ್ಟೆ ತೊಳೆಯಬೇಕಾದವರು ಅವರು.