ತಪ್ಪು ಮೇಲ್ ಹೋಯಿತೇ? ಮೊದಲು ಕೂತು ನೀರು ಕುಡಿಯಿರಿ

ಕಳೆದ ನವೆಂಬರಿನಲ್ಲಿ ನಮ್ಮ ವಸತಿ ಸಂಘದಿಂದ 140 ಮನೆಗಳಿಗೆ ಒಂದು ಮೇಲ್ ಬಂತು: "ನವೆಂಬರ್ 15, ಭಾನುವಾರ ಸಂಪು, ಟ್ಯಾಂಕು ತೊಳೆಯಲಾಗುವುದು. ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ನೀರು ಬರುವುದಿಲ್ಲ." 2025ರ ನವೆಂಬರ್ 15 ಶನಿವಾರ. ತೊಳೆಯುವವರು ಬರಬೇಕಿದ್ದದ್ದು 16ಕ್ಕೆ. ವಾರ ನೋಡಿದವರು ಭಾನುವಾರಕ್ಕೆ ಬಿಂದಿಗೆ ತುಂಬಿಸಲು ಹೊರಟರು, ತಾರೀಖು ನೋಡಿದವರು ಶನಿವಾರಕ್ಕೆ.

ಬರೆದ ಹುಡುಗ ಒಳ್ಳೆಯವನೇ. ಆದರೆ ಗಾಬರಿಯಲ್ಲಿ ಐದೇ ನಿಮಿಷಕ್ಕೆ ತಾರೀಖು ತಿದ್ದಿ ಅದೇ ಮೇಲನ್ನು ಅದೇ ಶೀರ್ಷಿಕೆಯಲ್ಲಿ ಮತ್ತೆ ಕಳಿಸಿದ. ಏನು ಬದಲಾಯಿತೆಂದು ಹೇಳಲೇ ಇಲ್ಲ. ಎರಡು ಬಾರಿ ಬಂದಿದೆ ಎಂದುಕೊಂಡು ಅರ್ಧ ಜನ ಎರಡನೆಯದನ್ನು ತೆರೆಯಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಇದಕ್ಕೇ. ನೀವೂ ಹೀಗೆ ಮಾಡುತ್ತೀರಿ, ನನಗೆ ಗೊತ್ತು. ಇನ್ನು ಮಾಡಬೇಡಿ.

ತಪ್ಪು ಕಣ್ಣಿಗೆ ಬಿದ್ದ ಕೂಡಲೇ ಮೇಲನ್ನು ವಾಪಸು ಎಳೆದುಕೊಳ್ಳಲು ಹೋಗುವವರಿದ್ದಾರೆ. ಔಟ್‌ಲುಕ್‌ನ Recall ನಿಮ್ಮ ಕಚೇರಿಯ ಒಳಗಿನವರಿಗೆ ಕಳಿಸಿದ್ದರೆ ಕೆಲವೊಮ್ಮೆ ಫಲಿಸೀತು, ಹೊರಗಿನ ಜಿಮೇಲ್ ಪೆಟ್ಟಿಗೆಗಂತೂ ಅದರ ಕೈ ಹೋಗುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದದ್ದು ಹೋಗಿದೆ ಎಂದೇ ಹಿಡಿದು ತಿದ್ದುಪಡಿ ಬರೆಯಿರಿ.

ಬರೆಯುವ ಮೊದಲು ಹಳೆಯ ಮೇಲನ್ನು ಒಮ್ಮೆ ಇಡಿಯಾಗಿ ಓದಿ. ತಾರೀಖು ತಪ್ಪಿದ್ದರೆ ಸಮಯವೂ ತಪ್ಪಿರಬಹುದು, ಫೋನ್ ನಂಬರೂ ತಪ್ಪಿರಬಹುದು. ಕ್ಯಾಲೆಂಡರ್ ತೆರೆದು ವಾರ ನೋಡಿ, ಕೆಲಸದವರಿಗೆ ಫೋನ್ ಮಾಡಿ ಕೇಳಿ. ಒಂದು ತಿದ್ದುಪಡಿಯನ್ನು ಜನ ಕ್ಷಮಿಸುತ್ತಾರೆ. ತಿದ್ದುಪಡಿಗೊಂದು ತಿದ್ದುಪಡಿ ಬಂದರೆ ಮೂರನೆಯದನ್ನು ಯಾರೂ ನಂಬುವುದಿಲ್ಲ. ಹತ್ತು ನಿಮಿಷ ತಡವಾದರೆ ಟ್ಯಾಂಕೇನೂ ಓಡಿಹೋಗದು. ಆದರೆ ತಪ್ಪಿದ್ದು ಬ್ಯಾಂಕ್ ಖಾತೆಯ ನಂಬರ್ ಆಗಿದ್ದರೆ ಕಾಯಬೇಡಿ. ಹಣ ಹಾಕಬೇಡಿ ಎಂದು ಮೊದಲು ಫೋನು, ವಾಟ್ಸಾಪಿನಲ್ಲಿ ತಿಳಿಸಿ, ಮೇಲ್ ಆಮೇಲೆ.

ಆ ಹುಡುಗನನ್ನು ಕೂರಿಸಿಕೊಂಡು ನಾನು ಬರೆಸಿದ್ದು ಇಷ್ಟೇ. ಶೀರ್ಷಿಕೆ: "ತಿದ್ದುಪಡಿ: ಟ್ಯಾಂಕ್ ತೊಳೆಯುವುದು ನವೆಂಬರ್ 16, ಭಾನುವಾರ". ಒಳಗೆ: "ಟ್ಯಾಂಕ್ ತೊಳೆಯುವ ದಿನ ನವೆಂಬರ್ 16, ಭಾನುವಾರ. ಬೆಳಿಗ್ಗೆ ಕಳಿಸಿದ ಮೊದಲ ಮೇಲ್‌ನಲ್ಲಿ ತಾರೀಖು ತಪ್ಪಾಗಿತ್ತು, ಕ್ಷಮಿಸಿ. ಸಮಯ ಬದಲಾಗಿಲ್ಲ: 9ರಿಂದ 2. ಹಳೆಯ ಮೇಲನ್ನು ಯಾರಿಗಾದರೂ ಕಳಿಸಿದ್ದರೆ ಇದನ್ನೂ ಕಳಿಸಿ."

ಸರಿಯಾದದ್ದನ್ನು ಮೊದಲು ಇಡಿ. ಫೋನಿನ ಪರದೆಯ ಮೇಲೆ ಕಾಣುವುದು ಶೀರ್ಷಿಕೆ, ಒಳಗಿನ ಮೊದಲ ಸಾಲು ಮಾತ್ರ, ಅಷ್ಟರಲ್ಲೇ ವಿಷಯ ಮುಟ್ಟಬೇಕು. "15 ಅಲ್ಲ, 16" ಎಂದು ಶುರುಮಾಡಿದರೆ ಕಣ್ಣು 15ನ್ನೇ ಹಿಡಿದುಕೊಂಡು ಹೋಗುತ್ತದೆ. ಬದಲಾಗದ್ದು ಯಾವುದು ಎಂದೂ ಹೇಳಿ, ಇಲ್ಲದಿದ್ದರೆ "ಸಮಯ ಅದೇನಾ?" ಎಂದು ಇಪ್ಪತ್ತು ಜನ ಕೇಳುತ್ತಾರೆ.

ಕ್ಷಮೆ ಒಂದೇ ಮಾತಿನಲ್ಲಿ ಸಾಕು. ಮಗುವಿಗೆ ಜ್ವರವಿತ್ತು, ನೆಟ್ ಕೈಕೊಟ್ಟಿತು ಎಂದೆಲ್ಲ ಬರೆದರೆ ತಾರೀಖು ಅದರಡಿ ಹೂತುಹೋಗುತ್ತದೆ. ಅತಿಯಾದರೆ ಅಮೃತವೂ ವಿಷ. ಟೈಪ್ ಮಾಡಿದವರ ಹೆಸರನ್ನಂತೂ ಎತ್ತಲೇಬೇಡಿ. ಮೇಲ್ ನಿಮ್ಮ ಹೆಸರಿನಲ್ಲಿ ಹೋಗಿದ್ದರೆ ತಪ್ಪೂ ನಿಮ್ಮದೇ. ತೋರಿಸಿಕೊಟ್ಟವರಿಗೆ ಬೇರೆಯಾಗಿ ಎರಡು ಮಾತು ಧನ್ಯವಾದ ಬರೆಯಿರಿ, ಎಲ್ಲರ ಮುಂದೆ ಬೇಡ. ಅದಕ್ಕೆ ಮತ್ತೆ ಹತ್ತು ಜನ ಎಲ್ಲರಿಗೂ ಉತ್ತರ ಕೊಡಲು ಶುರುಮಾಡುತ್ತಾರೆ.

ಇನ್ನೊಂದು ಜಾಗದಲ್ಲಿ ಎಡವುತ್ತೀರಿ. ಮೊದಲ ಮೇಲ್ ಯಾರ್ಯಾರಿಗೆ ಹೋಗಿತ್ತೋ ಅವರೆಲ್ಲರಿಗೂ ತಿದ್ದುಪಡಿ ಹೋಗಬೇಕು. ವಿಳಾಸಗಳನ್ನು Bcc ಯಲ್ಲಿ ಹಾಕಿದ್ದರೆ Reply all ಒತ್ತಿದಾಗ ಅವು ಬಂದಿವೆಯೇ ಎಂದು ಎಣಿಸಿ ನೋಡಿ, ಬಿಟ್ಟುಹೋಗಿದ್ದರೆ ಕೈಯಾರೆ ಸೇರಿಸಿ. ನಮ್ಮಲ್ಲಿ ನೋಟಿಸ್ ಬೋರ್ಡಿನ ಚೀಟಿ ಹಳೆಯದೇ ಉಳಿದಿತ್ತು, ವಾಚ್‌ಮನ್‌ಗೂ ಹೇಳಿರಲಿಲ್ಲ. ಮೇಲ್ ನೋಡದ ಅಜ್ಜಿಯರು ನಂಬುವುದು ಆ ಚೀಟಿಯನ್ನೇ.

ಇಷ್ಟಾದ ಮೇಲೆ ಸುಮ್ಮನಿರಿ. ಯಾರಾದರೂ ಹಳೆಯ ತಾರೀಖನ್ನೇ ಕೇಳಿದರೆ ಸಿಡುಕದೆ ಸರಿಯಾದದ್ದನ್ನು ಹೇಳಿ.

ಜಿಮೇಲ್ ಬಳಸುವವರು ಈಗಲೇ ಒಂದು ಕೆಲಸ ಮಾಡಿ. ಕಂಪ್ಯೂಟರಿನಲ್ಲಿ Settings ಒಳಗೆ Undo Send ಎಂದಿದೆ. ಕಳಿಸಿದ್ದನ್ನು ತಡೆಯಲು ಅದು 5 ಸೆಕೆಂಡು ಕೊಟ್ಟಿರುತ್ತದೆ. ಅದನ್ನು 30ಕ್ಕೆ ಏರಿಸಿ, ಪುಟದ ಕೆಳಗಿನ Save Changes ಒತ್ತಲು ಮರೆಯಬೇಡಿ.