ಈಸ್ ಬರೆಯಲೋ, ಆರ್ ಬರೆಯಲೋ? ಇನ್ನು ತಡವರಿಸಬೇಡಿ

ಎಫ್‌ಡಿಎ ಪರೀಕ್ಷೆಗೆ ಓದುತ್ತಿರಲಿ, ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟ್ ರಿಪೋರ್ಟ್ ಬರೆಯುತ್ತಿರಲಿ, ನಿಮ್ಮ ಇಂಗ್ಲಿಷ್ ಎಡವುವುದು ದೊಡ್ಡ ಪದಗಳಲ್ಲಲ್ಲ, ಕರ್ತೃವಿಗೆ ಕ್ರಿಯಾಪದ ಹೊಂದಿಸುವಲ್ಲಿ. ‘ಕಿವಿಗೆ ಸರಿ ಅನ್ನಿಸಿತು’ ಎಂದು ಬರೆಯುವ ಅಭ್ಯಾಸವನ್ನು ಇವತ್ತೇ ಬಿಡಿ. ಆ ಕಿವಿ ಕನ್ನಡಕ್ಕೆ ಪಳಗಿದ್ದು.

1. ಗೌರವದ ಬಹುವಚನವನ್ನು ಮನೆಯಲ್ಲೇ ಬಿಟ್ಟು ಬನ್ನಿ.
‘ಹೆಡ್‌ಮಾಸ್ಟರ್ ಬಂದಿದ್ದಾರೆ’ ಎಂದು ಯೋಚಿಸಿ ‘ಹೆಡ್‌ಮಾಸ್ಟರ್ ಹ್ಯಾವ್ ಕಮ್’ ಎಂದು ಬರೆಯಬೇಡಿ. ‘ಹ್ಯಾಸ್ ಕಮ್’ ಎನ್ನಿ. ಇಂಗ್ಲಿಷ್ ಕ್ರಿಯಾಪದ ತಲೆ ಎಣಿಸುತ್ತದೆ, ಮರ್ಯಾದೆ ಎಣಿಸುವುದಿಲ್ಲ.

2. ಗುಂಪು ಒಟ್ಟಾಗಿದೆಯೇ, ಒಡೆದಿದೆಯೇ ನೋಡಿ.
ಕಮಿಟಿ, ಟೀಮ್, ಫ್ಯಾಮಿಲಿ, ಸ್ಟಾಫ್ ಇವೆಲ್ಲ ಕಲೆಕ್ಟಿವ್ ನೌನ್. ಗುಂಪು ಒಂದಾಗಿ ಕೆಲಸ ಮಾಡಿದರೆ ಏಕವಚನ ಹಾಕಿ: ‘ದ ಕಮಿಟಿ ಹ್ಯಾಸ್ ಡಿಸೈಡೆಡ್’. ನಾವು ‘ಸಮಿತಿ ತೀರ್ಮಾನಿಸಿದೆ’ ಎನ್ನುವುದೂ ಹೀಗೇ, ಇಲ್ಲಿ ಕನ್ನಡ ನಿಮ್ಮ ಪರ. ಸದಸ್ಯರು ತಲೆಗೊಂದು ಮಾತಾಡುತ್ತಿದ್ದರೆ ಬಹುವಚನ: ‘ದ ಕಮಿಟಿ ಆರ್ ಡಿವೈಡೆಡ್ ಇನ್ ದೇರ್ ಒಪೀನಿಯನ್ಸ್’. ಪ್ರಶ್ನೆಪತ್ರಿಕೆಯಲ್ಲಿ ಸುಳಿವು ಸಿಗುವುದು ಸರ್ವನಾಮದಲ್ಲಿ. ‘ಇಟ್ಸ್’ ಇದ್ದರೆ ಏಕವಚನ, ‘ದೇರ್’ ಇದ್ದರೆ ಬಹುವಚನ. ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸಬೇಡಿ.
ಕ್ರೀಡಾಪುಟದಲ್ಲಿ ‘ಇಂಡಿಯಾ ವಿನ್’ ಎಂದು ಓದಿ ಗಾಬರಿಯಾಗಬೇಡಿ, ಅದು ಬ್ರಿಟಿಷ್ ರೂಢಿ. ಅಮೆರಿಕದವರು ಸಾಮಾನ್ಯವಾಗಿ ಏಕವಚನವನ್ನೇ ಬಳಸುತ್ತಾರೆ. ಆಫೀಸಿನ ಮೇಲ್‌ನಲ್ಲಿ ಅನುಮಾನ ಬಂದರೆ ‘ದ ಮೆಂಬರ್ಸ್ ಆಫ್ ದ ಕಮಿಟಿ ಆರ್’ ಎಂದು ಬರೆಯಿರಿ, ಯಾವ ದೇಶದವರೂ ತಪ್ಪು ಹಿಡಿಯಲಾರರು. ‘ಪೊಲೀಸ್’ಗೆ ಮಾತ್ರ ಈ ಚರ್ಚೆಯೇ ಬೇಡ. ಅದು ಯಾವಾಗಲೂ ‘ದ ಪೊಲೀಸ್ ಹ್ಯಾವ್’.

3. ರಾಮನಗರದ ‘ಲಾಟ್’ ಯಾವುದು ಎಂದು ಕೇಳಿಕೊಳ್ಳಿ.
ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಲಾಟ್ ಎಂದರೆ ಹರಾಜಿಗಿಟ್ಟ ಒಂದು ರಾಶಿ. ಅದು ಒಂದೇ ವಸ್ತು: ‘ದಿಸ್ ಲಾಟ್ ಆಫ್ ಕಕೂನ್ಸ್ ಈಸ್ ಸೋಲ್ಡ್’. ಆದರೆ ‘ಎ ಲಾಟ್ ಆಫ್ ಕಕೂನ್ಸ್ ಆರ್ ವೆಟ್’ ಎಂದಾಗ ಲಾಟ್ ಬರೀ ‘ಬಹಳ’. ಒದ್ದೆಯಾಗಿರುವುದು ಗೂಡುಗಳು, ಆದ್ದರಿಂದ ಆರ್. ನೀವು ಹೇಳುತ್ತಿರುವುದು ರೀಲರ್ ಖರೀದಿಸಿದ ರಾಶಿಯ ಸಂಗತಿಯೋ, ಗೂಡುಗಳ ಸಂಗತಿಯೋ? ಇಷ್ಟು ಗೊತ್ತಾದರೆ ‘ದ ನಂಬರ್ ಆಫ್’ ಏಕವಚನ, ‘ಎ ನಂಬರ್ ಆಫ್’ ಬಹುವಚನ ಏಕೆ ಎಂಬುದೂ ಬಾಯಿಪಾಠವಿಲ್ಲದೆ ತಿಳಿಯುತ್ತದೆ. ಮೊದಲನೆಯದು ಸಂಖ್ಯೆಯ ಮಾತು, ಎರಡನೆಯದು ‘ಹಲವು’.

4. ಈದರ್-ಆರ್, ನೈದರ್-ನಾರ್ ಬಂದರೆ ಹತ್ತಿರದ ಕರ್ತೃವನ್ನು ಹಿಡಿಯಿರಿ.
ಹೆಚ್ಚು ಅಂಕ ಹೋಗುವುದು ಇಲ್ಲೇ. ‘ಮೇಷ್ಟ್ರಾಗಲಿ ಮಕ್ಕಳಾಗಲಿ ಬರಲಿಲ್ಲ’ ಎನ್ನುವಾಗ ಕನ್ನಡ ನಮ್ಮನ್ನು ಪಾರುಮಾಡಿಬಿಡುತ್ತದೆ. ನಾನೂ ಬರಲಿಲ್ಲ, ಅವಳೂ ಬರಲಿಲ್ಲ, ಅವರೂ ಬರಲಿಲ್ಲ. ಕ್ರಿಯಾಪದ ಬದಲಾಗುವುದೇ ಇಲ್ಲ. ಇಂಗ್ಲಿಷ್ ಈ ರಿಯಾಯಿತಿ ಕೊಡುವುದಿಲ್ಲ.
ಚನ್ನಪಟ್ಟಣದ ಗೊಂಬೆ ಘಟಕದಿಂದ ಗ್ರಾಹಕರಿಗೆ ಮೇಲ್ ಬರೆಯುತ್ತಿದ್ದೀರಿ ಎನ್ನಿ. ಪೆಟ್ಟಿಗೆಗೂ ಹಾನಿಯಿಲ್ಲ, ಗೊಂಬೆಗಳಿಗೂ ಇಲ್ಲ. ಮೊದಲು ‘ನಾರ್’ ಪದ ಹುಡುಕಿ. ಅದರ ಆಚೆ ಇರುವ ಕರ್ತೃ ನೋಡಿ: ‘ದ ಟಾಯ್ಸ್’. ಬಹುವಚನ. ಹಾಗಾಗಿ ‘ನೈದರ್ ದ ಬಾಕ್ಸ್ ನಾರ್ ದ ಟಾಯ್ಸ್ ವರ್ ಡ್ಯಾಮೇಜ್ಡ್’. ತಿರುಗಿಸಿದರೆ ‘ನೈದರ್ ದ ಟಾಯ್ಸ್ ನಾರ್ ದ ಬಾಕ್ಸ್ ವಾಸ್’. ನಿಯಮಕ್ಕೆ ಎರಡೂ ಸರಿ, ಕಿವಿಗೆ ಎರಡನೆಯದು ಮುಳ್ಳು. ಬರೆಯುವವರು ನೀವೇ ಆಗಿದ್ದರೆ ಬಹುವಚನವನ್ನು ಕೊನೆಗೆ ಇಡಿ.
ಪ್ರಶ್ನೆವಾಕ್ಯದಲ್ಲಿ ಕ್ರಿಯಾಪದ ಮುಂದೆ ಬರುತ್ತದೆ, ಹತ್ತಿರದ ಕರ್ತೃವೂ ಬದಲಾಗುತ್ತದೆ: ‘ಹ್ಯಾಸ್ ದ ಸೂಪರ್‌ವೈಸರ್ ಆರ್ ದ ವರ್ಕರ್ಸ್ ಸೈನ್ಡ್?’ ಮೊದಲ ಹೆಸರೇ ಇಲ್ಲಿ ಪಕ್ಕದಲ್ಲಿದೆ. ‘ಈದರ್ ಯು ಆರ್ ಐ ಆ್ಯಮ್’ ನಿಯಮಬದ್ಧ, ಆದರೆ ಹೀಗೆ ಮಾತಾಡುವವರು ಕಡಿಮೆ. ‘ಮಸ್ಟ್’ ಅಥವಾ ‘ವಿಲ್’ ಹಾಕಿ ದಾಟಿಕೊಳ್ಳಿ, ಅವು ಯಾರಿಗೂ ರೂಪ ಬದಲಿಸುವುದಿಲ್ಲ.

5. ‘ಈದರ್ ಆಫ್’ ಕಂಡರೆ ಏಕವಚನಕ್ಕೆ ಗುರುತು ಹಾಕಿ.
‘ಈದರ್ ಆಫ್ ದ ಬಸಸ್ ಗೋಸ್ ಟು ಕನಕಪುರ’. ಬಸ್ಸು ಎರಡಿದ್ದರೂ ಮಾತು ಒಂದೊಂದರದ್ದು. ಆಡುಮಾತಿನಲ್ಲಿ ‘ಗೋ’ ಕೇಳಿಸೀತು, ಓಎಂಆರ್ ಹಾಳೆಯಲ್ಲಿ ತುಂಬಬೇಡಿ.

6. ‘ಅಲಾಂಗ್ ವಿತ್’ ಕಂಡರೆ ಅದರ ಹಿಂದಿನದನ್ನಷ್ಟೇ ಎಣಿಸಿ.
‘ದ ಟೀಚರ್, ಅಲಾಂಗ್ ವಿತ್ ಹರ್ ಸ್ಟೂಡೆಂಟ್ಸ್, ಈಸ್ ವಿಸಿಟಿಂಗ್ ಮಾಗಡಿ ಫೋರ್ಟ್’. ಮಕ್ಕಳು ಎಷ್ಟೇ ಇರಲಿ, ವ್ಯಾಕರಣದ ಲೆಕ್ಕಕ್ಕೆ ಹೋದವರು ಟೀಚರ್ ಒಬ್ಬರೇ. ‘ಆ್ಯಸ್ ವೆಲ್ ಆ್ಯಸ್’ ಕೂಡ ಇದೇ ಜಾತಿ. ಇವುಗಳ ಜಾಗದಲ್ಲಿ ‘ಆ್ಯಂಡ್’ ಹಾಕಿದ ಕ್ಷಣ ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ, ‘ಈಸ್’ ಹೋಗಿ ‘ಆರ್’ ಬರುತ್ತದೆ.