ಮೈಕ್‌ನ ಧ್ವನಿ ಮೆಮೊರಿಗೆ: ಡಿಎಂಎ ಹೇಗೆ ಸಾಗಿಸುತ್ತದೆ?

ಮೈಕ್‌ನಿಂದ ಬರುವ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತೇವೆ ಎಂದುಕೊಳ್ಳಿ. ಎಸ್‌ಟಿಎಂ32 ಚಿಪ್‌ನೊಳಗಿನ ಎಡಿಸಿ ಪ್ರತಿ 125 ಮೈಕ್ರೊಸೆಕೆಂಡಿಗೆ ಒಂದು ಹೊಸ ಸಂಖ್ಯೆ ಕೊಡುತ್ತದೆ. ಪ್ರತಿ ಸಂಖ್ಯೆಗೂ ಇಂಟರಪ್ಟ್ ಇಟ್ಟರೆ ಪ್ರೊಸೆಸರ್ ಸೆಕೆಂಡಿಗೆ 8000 ಸಲ ತನ್ನ ಲೆಕ್ಕ ಬಿಟ್ಟು ಬರಬೇಕು, ಅದೂ ಬರೀ ಎತ್ತಿಡುವ ಕೆಲಸಕ್ಕೆ!

ಈ ಕೆಲಸವನ್ನು ಡಿಎಂಎ ಎಂಬ ಪ್ರತ್ಯೇಕ ಸರ್ಕ್ಯೂಟ್ ಮಾಡುತ್ತದೆ. ಎಡಿಸಿ ರಿಜಿಸ್ಟರಿನ ವಿಳಾಸ, ಮೆಮೊರಿಯಲ್ಲಿ ಬಫರ್ ಶುರುವಾಗುವ ವಿಳಾಸ, ಎಷ್ಟು ಸಂಖ್ಯೆ ಎಂಬುದನ್ನು ಅದಕ್ಕೆ ಮೊದಲೇ ತಿಳಿಸಿರಬೇಕು. 160 ಎಂದು ಹೇಳಿ ಸರ್ಕ್ಯುಲರ್ ಮೋಡ್‌ನಲ್ಲಿಟ್ಟರೆ, ಬಫರ್ ತುಂಬಿದ ಮೇಲೆ ಮತ್ತೆ ಮೊದಲ ಜಾಗದಿಂದ ಬರೆಯುತ್ತದೆ.

ಅರ್ಧ, ಅಂದರೆ 80 ತುಂಬಿದಾಗ ಒಂದು ಇಂಟರಪ್ಟ್, ಪೂರ್ತಿ ತುಂಬಿದಾಗ ಇನ್ನೊಂದು. ಈಗ ಪ್ರೊಸೆಸರಿಗೆ ಸೆಕೆಂಡಿಗೆ 100 ಕರೆ ಮಾತ್ರ. ಆದರೆ ಡಿಎಂಎ ಎರಡನೇ ಅರ್ಧವನ್ನು ತುಂಬುವ 10 ಮಿಲಿಸೆಕೆಂಡಿನೊಳಗೆ ಪ್ರೊಸೆಸರ್ ಮೊದಲ ಅರ್ಧವನ್ನು ಓದಿ ಮುಗಿಸಬೇಕು. ತಡವಾದರೆ ಡಿಎಂಎ ಕಾಯುವುದಿಲ್ಲ. ಓದುತ್ತಿರುವ ಸಂಖ್ಯೆಗಳ ಮೇಲೆಯೇ ಹೊಸದನ್ನು ಬರೆದುಬಿಡುತ್ತದೆ, ಯಾವ ಎಚ್ಚರಿಕೆಯೂ ಬರದು. ಒಂದೇ ಶ್ರುತಿಯಲ್ಲಿ ಸೀಟಿ ಹೊಡೆದು ಗ್ರಾಫ್ ಎಳೆದು ನೋಡಿ: ನುಣುಪಾಗಿರಬೇಕಾದ ಅಲೆ ನಡುವೆ ತುಂಡಾಗಿರುತ್ತದೆ. ಯಾವಾಗಲೋ ಒಮ್ಮೆ ತಡವಾಗುವುದಾದರೆ ಬಫರನ್ನು 320ಕ್ಕೆ ಹೆಚ್ಚಿಸಿದರೆ ಸಾಕು. ಪ್ರತಿ ಸಲವೂ ತಡವೆಂದರೆ ದೊಡ್ಡ ಬಫರಿನಿಂದ ಪ್ರಯೋಜನವಿಲ್ಲ, ಲೆಕ್ಕವನ್ನೇ ಕಡಿಮೆ ಮಾಡಬೇಕು.